ಹೆರಿಗೆ ಕೋಣೆಯಿಂದ ಕೊಲೆ ಕೇಸಿಗೆ

2022ರ ಮಾರ್ಚ್ ಕೊನೆಯಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯ ಲಾಲ್‌ಸೋಟ್‌ನಲ್ಲಿ ಬಾಣಂತಿಯೊಬ್ಬರು ತೀರಿಕೊಂಡರು. ಹೆರಿಗೆಯ ನಂತರ ಶುರುವಾದ ರಕ್ತಸ್ರಾವ ನಿಲ್ಲಲೇ ಇಲ್ಲ. ಶವವನ್ನು ಖಾಸಗಿ ಆಸ್ಪತ್ರೆಯ ಮುಂದಿಟ್ಟು ಜನ ಧರಣಿ ಕೂತರು. ಪೊಲೀಸರು ಪ್ರಸೂತಿ ತಜ್ಞೆಯ ಮೇಲೆ ಐಪಿಸಿ 302, ಅಂದರೆ ಕೊಲೆಯ ಕಲಂ ಹಾಕಿ ಎಫ್ಐಆರ್ ದಾಖಲಿಸಿದರು. ಅದರ ಬೆನ್ನಲ್ಲೇ ಆ ವೈದ್ಯೆ ಆತ್ಮಹತ್ಯೆ ಮಾಡಿಕೊಂಡರು. ತಾನು ಯಾರನ್ನೂ ಕೊಂದಿಲ್ಲ, ಇಂಥ ರಕ್ತಸ್ರಾವ ಹೆರಿಗೆಯಲ್ಲಿ ಆಗಬಹುದಾದ ತೊಡಕು ಎಂದು ಅವರು ಬರೆದಿಟ್ಟಿದ್ದರು.

ಆ ಮಾತು ವೈದ್ಯಕೀಯವಾಗಿ ನಿಜ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಿ ಆ ನಾಳಗಳನ್ನೆಲ್ಲ ಹಿಸುಕಿ ಮುಚ್ಚಬೇಕು. ಅದು ಮೆತ್ತಗೆ ಉಳಿದುಬಿಟ್ಟರೆ ನಿಮಿಷಗಳಲ್ಲೇ ಜೀವಕ್ಕೆ ಅಪಾಯ. ವೈದ್ಯರು ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಉಜ್ಜುತ್ತಾರೆ, ಆಕ್ಸಿಟೋಸಿನ್ ಕೊಡುತ್ತಾರೆ, ರಕ್ತ ಏರಿಸುತ್ತಾರೆ, ಒಳಗೆ ಬಲೂನು ಉಬ್ಬಿಸಿ ಒತ್ತಡ ಹಾಕುತ್ತಾರೆ. ಯಾವುದಕ್ಕೂ ನಿಲ್ಲದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಂಡರೆ ಇಷ್ಟೆಲ್ಲ ಮಾಡಿಯೂ ತಾಯಿ ಉಳಿಯದೆ ಹೋಗಬಹುದು.

ಬಾಗಿಲಿನ ಈಚೆ ನಿಂತ ಮನೆಯವರಿಗೆ ಇದೊಂದೂ ಕಾಣುವುದಿಲ್ಲ. ಗಂಡು, ಹೆಣ್ಣು ಎಂದು ಊರಿಗೆಲ್ಲ ಫೋನ್ ಮಾಡಿ ಮುಗಿದಿರುತ್ತದೆ. ಅಷ್ಟರಲ್ಲಿ ನರ್ಸ್ ಓಡಿಬಂದು ಚೀಟಿ ಕೈಗಿಟ್ಟು, ಬೇಗ ರಕ್ತ ತನ್ನಿ ಎನ್ನುತ್ತಾರೆ. ಕೇಳಿದರೆ ‘ಸ್ವಲ್ಪ ಸೀರಿಯಸ್’ ಅನ್ನುವ ಎರಡೇ ಮಾತು. ಆಮೇಲೆ ಸಾವಿನ ಸುದ್ದಿ. ಗಟ್ಟಿಮುಟ್ಟಾಗಿ ನಡೆದುಕೊಂಡು ಬಂದವಳು ಹೆಣವಾದಳು ಎಂದರೆ ಯಾರೋ ಏನೋ ಮಾಡಿರಲೇಬೇಕು ಎಂದೇ ಮನಸ್ಸು ಹೇಳುತ್ತದೆ. ಕಟ್ಟಿದ ಬಿಲ್ಲು, ಕಾದ ಗಂಟೆಗಳು, ಸಿಗದ ಉತ್ತರ ಎಲ್ಲವೂ ಅದಕ್ಕೆ ಸಾಕ್ಷಿಯಂತೆ ಕಾಣತೊಡಗುತ್ತವೆ. ಈ ಸಿಟ್ಟು ದುಃಖದ್ದೇ ಇನ್ನೊಂದು ಮುಖ ಎಂಬುದನ್ನು ಒಪ್ಪಬೇಕು. ಆದರೆ ಹೊಡೆತಕ್ಕೆ ಅದು ಸಮರ್ಥನೆಯಾಗಲಾರದು. 2019ರ ಜೂನ್‌ನಲ್ಲಿ ಕೋಲ್ಕತ್ತದ ಎನ್‌ಆರ್‌ಎಸ್ ವೈದ್ಯಕೀಯ ಕಾಲೇಜಿನಲ್ಲಿ ವೃದ್ಧರೊಬ್ಬರು ತೀರಿಕೊಂಡಾಗ ನುಗ್ಗಿದ ಗುಂಪು ಕಿರಿಯ ವೈದ್ಯರೊಬ್ಬರ ತಲೆಬುರುಡೆಯನ್ನೇ ಒಡೆದಿತ್ತು.

ಲಾಲ್‌ಸೋಟ್‌ನಲ್ಲಿ ವೈದ್ಯೆಗೆ ಬಿದ್ದ ದೊಡ್ಡ ಪೆಟ್ಟು ಆ ಎಫ್ಐಆರ್. ವೈದ್ಯರ ಮೇಲೆ ಕ್ರಿಮಿನಲ್ ಕ್ರಮಕ್ಕೆ ಸುಪ್ರೀಂ ಕೋರ್ಟ್ 2005ರಲ್ಲೇ, ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ದಾರಿ ಹಾಕಿಕೊಟ್ಟಿತ್ತು: ನಿರ್ಲಕ್ಷ್ಯ ಅತ್ಯಂತ ಗಂಭೀರವಾಗಿರಬೇಕು, ತನಿಖಾಧಿಕಾರಿ ಮೊದಲು ಆ ವಿಭಾಗ ಬಲ್ಲ, ಪಕ್ಷಪಾತವಿಲ್ಲದ ವೈದ್ಯರ ಅಭಿಪ್ರಾಯ ಪಡೆಯಬೇಕು. ಕೊಲೆಯ ಕಲಮಿಗೆ ಕೊಲ್ಲುವ ಉದ್ದೇಶವೋ, ಸಾವು ಖಚಿತವೆಂಬ ಅರಿವೋ ಬೇಕು. ಬಾಗಿಲಲ್ಲಿ ಗುಂಪು ಸೇರಿದಾಗ ಅದನ್ನೆಲ್ಲ ಬದಿಗಿಟ್ಟರು. ಆಮೇಲೆ ಠಾಣಾಧಿಕಾರಿಯನ್ನು ಅಮಾನತು ಮಾಡಿದ್ದಾಯಿತು. ಕರ್ನಾಟಕದಲ್ಲೂ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು 2009ರಿಂದ ಕಾಯ್ದೆ ಇದೆ, ಜಾಮೀನುರಹಿತ ಅಪರಾಧವೆಂದೂ ಅದು ಹೇಳುತ್ತದೆ. ಆದರೆ ಕಾಯ್ದೆಯ ಕೆಲಸ ಶುರುವಾಗುವುದು ಹೊಡೆತ ಬಿದ್ದ ಮೇಲೆ.

ಅದಕ್ಕೂ ಮೊದಲಿನ ಹತ್ತು ನಿಮಿಷ ಬಹಳ ಮುಖ್ಯ. ಕಾರಿಡಾರಿನಲ್ಲಿ ನಿಂತು ಸಾವಿನ ಸುದ್ದಿ ಹೇಳಬಾರದು. ಹತ್ತಿರದ ಇಬ್ಬರು ಮೂವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಹಿರಿಯ ವೈದ್ಯರೇ ಕೂತು ಮಾತಾಡಬೇಕು. ಅವರಿಗೆ ಎಷ್ಟು ಗೊತ್ತಿದೆ ಎಂದು ಮೊದಲು ಕೇಳಿ, ಕೆಟ್ಟ ಸುದ್ದಿ ಇದೆ ಎಂದು ಎಚ್ಚರಿಸಿ, ‘ತೀರಿಕೊಂಡರು’ ಎಂದು ನೇರವಾಗಿ ಹೇಳಬೇಕು. ಸುತ್ತಿಬಳಸಿದರೆ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಹೇಳಿದ ಮೇಲೆ ಸುಮ್ಮನಿರಬೇಕು. ಅಳು ಇಳಿಯುವ ಮುನ್ನ ವೈದ್ಯಕೀಯ ವಿವರಣೆ ಯಾರ ಕಿವಿಗೂ ಬೀಳುವುದಿಲ್ಲ. ತೊಡಕು ಶುರುವಾದಾಗಲೇ ಒಬ್ಬರು ಹೊರಬಂದು ಆಗಾಗ ಸ್ಥಿತಿ ತಿಳಿಸುತ್ತಿದ್ದರೆ ಈ ಮಾತು ಸಿಡಿಲಿನಂತೆ ಎರಗುವುದಿಲ್ಲ. ಆದರೆ ರಾತ್ರಿಪಾಳಿಯಲ್ಲಿ ಒಬ್ಬರೇ ವೈದ್ಯರಿರುವ ಸಣ್ಣ ಆಸ್ಪತ್ರೆಯಲ್ಲಿ ಒಳಗಿನ ಜೀವ ಬಿಟ್ಟು ಹೊರಬರುವವರು ಯಾರು? ಕಾಯ್ದೆ ಬಿಗಿ ಮಾಡುವ ಚರ್ಚೆಯಲ್ಲಿ ಈ ಪ್ರಶ್ನೆಗೂ ಜಾಗ ಸಿಗಬೇಕು.

ಗಲಾಟೆ ಅಡಗಿದ ಮೇಲೂ ವೈದ್ಯರಿಗೆ ಬಿಡುಗಡೆ ಇಲ್ಲ. ಇಂಥವರನ್ನು ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲಿ ‘ಎರಡನೇ ಬಲಿಪಶು’ ಎಂದು ಕರೆದರು. ಅವರು ಬರೆದದ್ದು ತಪ್ಪು ಮಾಡಿದ ವೈದ್ಯರ ಬಗ್ಗೆ. ತಪ್ಪಿಲ್ಲದೆಯೂ ರೋಗಿಯನ್ನು ಕಳೆದುಕೊಂಡವರದೂ ಅದೇ ಪಾಡು. ಆ ಒಂದು ಗಂಟೆ ತಲೆಯಲ್ಲಿ ಮತ್ತೆ ಮತ್ತೆ ತಿರುಗುತ್ತದೆ: ರಕ್ತ ಇನ್ನೂ ಮೊದಲೇ ತರಿಸಬೇಕಿತ್ತೇ, ಗರ್ಭಕೋಶ ತೆಗೆಯುವ ನಿರ್ಧಾರ ತಡವಾಯಿತೇ? ನಿದ್ದೆ ಹಾರುತ್ತದೆ. ಮುಂದಿನ ಕಷ್ಟದ ಕೇಸನ್ನು ದೊಡ್ಡಾಸ್ಪತ್ರೆಗೆ ಕಳಿಸಿಬಿಡುವ ಮನಸ್ಸಾಗುತ್ತದೆ, ಆ ದಾರಿಯಲ್ಲಿ ಇನ್ನೊಬ್ಬ ತಾಯಿಯ ಜೀವಕ್ಕೆ ಕುತ್ತು ಬರಬಹುದು.

ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಇಂಥ ಸಮಯಕ್ಕೆಂದೇ ತರಬೇತಾದ ಸಹೋದ್ಯೋಗಿಗಳ ತಂಡವಿದೆ. ಅವರು ವಿಚಾರಣೆ ಮಾಡುವುದಿಲ್ಲ, ಜೊತೆ ಕೂತು ಕೇಳಿಸಿಕೊಳ್ಳುತ್ತಾರೆ. ಅಂಥ ತಂಡ ಇಲ್ಲದ ಊರಿನ ವೈದ್ಯರೂ ಹಗಲು ರಾತ್ರಿ ಕರೆ ಮಾಡಬಹುದಾದ ಉಚಿತ ಸಂಖ್ಯೆ ಟೆಲಿ-ಮಾನಸ್‌ನ 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.