ಮೇಘವೋ, ಮೋಡವೋ, ಮುಗಿಲೋ?

ಒಂದು ಸಾಲು ಹೇಳ್ತೀನಿ.
ಎಲ್ಲಿ ತಡವರಿಸುತ್ತೆ, ಕೇಳಿ.

"ಬೀಜ ಇನ್ನೂ ಚೀಲದಲ್ಲೇ ಇದೆ.
ಜಗಳೂರಿನ ಬದುವಿನ ಮೇಲೆ
ಅಪ್ಪ ಮೇಘ ನೋಡುತ್ತ ನಿಂತ."

"ಮೇಘ"ದಲ್ಲಿ ಅಲ್ವಾ?
ಅರ್ಥ ಸರಿ ಇದೆ.
ಆದರೆ ಹೊಲಕ್ಕೆ ರೇಷ್ಮೆ ಪಂಚೆ ಉಟ್ಟು ಹೋದ ಹಾಗಿದೆ.
ಮಹಾಪ್ರಾಣದ "ಘ" ಗಂಟಲಿನಿಂದ ಏಳುತ್ತೆ,
ಜೊತೆಗೆ ಕಾಳಿದಾಸನನ್ನೂ ಕರೆತರುತ್ತೆ.
ಈ ಅಪ್ಪನಿಗೆ ಕಾಳಿದಾಸ ಯಾಕೆ?

ಬದಲಿಗೆ ಮೋಡ? ಮುಗಿಲು?
ಮಾತ್ರೆ ಎಣಿಸಿ ತೀರ್ಮಾನಿಸೋಣ ಅಂದ್ರೆ ಆಗಲ್ಲ.
ಮೇಘ, ಮೋಡ, ಮುಗಿಲು:
ಮೂರಕ್ಕೂ ಮೂರೇ ಮಾತ್ರೆ!

ಹಾಗಾದ್ರೆ ಬಾಯಿಬಿಟ್ಟು ಹೇಳಿ ನೋಡಿ.
"ಮೋಡ": ಮೊದಲಕ್ಷರ ದೀರ್ಘ,
ಆಮೇಲೆ "ಡ" ಅಂತ ಬಡಿಯುತ್ತೆ.
ಭಾರ ಇದೆ, ಒಳಗೆ ನೀರಿದೆ.
"ಮುಗಿಲು": ಮೂರೂ ಹ್ರಸ್ವ,
ಕೊನೆಗೆ "ಲು" ಜಾರಿಹೋಗುತ್ತೆ.
ಮೋಡಕ್ಕೂ ಮುಗಿಲು ಅಂತೀವಿ,
ಬರೀ ಆಕಾಶಕ್ಕೂ ಮುಗಿಲು ಅಂತೀವಿ.

ಈಗ ಹಿಂದಿನ ಸಾಲು ನೋಡಿ.
ಬೀಜ ಚೀಲದಲ್ಲೇ ಇದೆ.
ಅಂದ್ರೆ ಮಳೆ ಬಂದಿಲ್ಲ.
"ಮೋಡ" ಅಂದ ತಕ್ಷಣ ಮಳೆಯ ಆಸೆ ಹುಟ್ಟುತ್ತೆ.
"ಮುಗಿಲು" ಅಂದ್ರೆ,
ಅಲ್ಲಿ ಏನಾದ್ರೂ ಇದೆಯೋ ಇಲ್ವೋ ಗೊತ್ತಾಗಲ್ಲ.
ಅಪ್ಪನಿಗೂ ಗೊತ್ತಿಲ್ಲ.

"ಅಪ್ಪ ಮುಗಿಲು ನೋಡುತ್ತ ನಿಂತ."

ನನ್ನ ಓಟು ಇದಕ್ಕೇ.
ಹೊನ್ನಾಳಿಯ ಹೊಳೆದಂಡೆ, ನೀರು ತುಂಬಿದ ಗದ್ದೆಯ ಸಾಲಾಗಿದ್ರೆ
"ಮೋಡ"ವನ್ನೇ ಇಡ್ತಿದ್ದೆ.
ನೀವಾಗಿದ್ರೆ ಯಾವುದು? ಕಾಮೆಂಟಲ್ಲಿ ಬರೀರಿ.