ಫ್ಯಾನ್ ಓವನ್ನಿನಲ್ಲಿ ಕೊಬ್ಬರಿ ಬಿಸ್ಕತ್ತು: ಶಾಖ ಎಷ್ಟು, ಸಮಯ ಎಷ್ಟು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿ ಸುಲಿಯುವಾಗ ಒಡೆದ, ಸೀಳಿದ ಹೋಳುಗಳು ಒಂದಿಷ್ಟು ಉಳಿದೇ ಉಳಿಯುತ್ತವೆ. ಇಡೀ ಉಂಡೆಗೆ ಸಿಗುವ ಬೆಲೆ ಇವಕ್ಕೆ ಸಿಗುವುದಿಲ್ಲ. ಇಂಥ ಹೋಳುಗಳನ್ನು ತುರಿದು ಮನೆಯಲ್ಲೇ ಬಿಸ್ಕತ್ತು ಮಾಡಿ ಮಾರುವವರಿಗೆ ಸಣ್ಣ ವಿದ್ಯುತ್ ಓವನ್ ಸಾಕಾಗುತ್ತದೆ. ಆದರೆ ಓವನ್ನಿನಲ್ಲಿ ಎರಡು ಬಗೆಗಳಿವೆ. ಒಂದಕ್ಕೆ ಬರೆದ ಲೆಕ್ಕವನ್ನು ಇನ್ನೊಂದಕ್ಕೆ ಹಾಗೆಯೇ ಹಾಕಿದರೆ ಸರಕು ಕೆಡುತ್ತದೆ.

ತುರುವೇಕೆರೆ ಕಡೆಯ ಒಂದು ಮನೆಯಲ್ಲಿ ನಡೆದದ್ದು ಹೀಗೆ. ಅಮ್ಮ, ಸೊಸೆ ಇಬ್ಬರೂ ಸೇರಿ ತರಬೇತಿಯಲ್ಲಿ ಬರೆದುಕೊಂಡ ಪ್ರಕಾರ 180 ಡಿಗ್ರಿ ಸೆಂಟಿಗ್ರೇಡಿನಲ್ಲಿ 18 ನಿಮಿಷ ಬಿಸ್ಕತ್ತು ಬೇಯಿಸಿದರು. ಅಂಚು ಕಪ್ಪಾಯಿತು. ಎರಡನೆಯ ಸಲ ಹೆದರಿ 12 ನಿಮಿಷಕ್ಕೇ ತೆಗೆದರು. ಬಣ್ಣ ಚೆನ್ನಾಗಿಯೇ ಬಂತು, ಆದರೆ ಡಬ್ಬಿಗೆ ತುಂಬಿದ ಕೆಲವೇ ದಿನಗಳಲ್ಲಿ ಬಿಸ್ಕತ್ತು ಮೆತ್ತಗಾಯಿತು. "ಸಾರ್, ಬರೆದುಕೊಂಡಷ್ಟೇ ಇಟ್ಟಿದ್ದೆವು, ಓವನ್ನೇ ಸರಿಯಿಲ್ಲವೇನೋ" ಎಂದರು ಆ ತಾಯಿ. ಓವನ್ ಸರಿಯಾಗಿಯೇ ಇತ್ತು. ಲೆಕ್ಕ ಸಾದಾ ಓವನ್ನಿನದು, ಮನೆಯಲ್ಲಿದ್ದುದು ಫ್ಯಾನ್ ಇರುವ ಓವನ್.

ಎರಡು ಬಗೆಗೆ ಏನು ವ್ಯತ್ಯಾಸ?

ಸಾದಾ ಓವನ್ನಿನಲ್ಲಿ ಮೇಲೆ ಮತ್ತು ಕೆಳಗೆ ಕಾಯುವ ಸರಳುಗಳಿರುತ್ತವೆ. ಒಳಗಿನ ಗಾಳಿ ತಾನಾಗಿ ನಿಧಾನವಾಗಿ ಸುತ್ತುತ್ತದೆ. ಫ್ಯಾನ್ ಓವನ್ನಿನಲ್ಲಿ ಸಣ್ಣ ಬೀಸಣಿಗೆಯೊಂದು ಆ ಬಿಸಿ ಗಾಳಿಯನ್ನು ಜೋರಾಗಿ ಓಡಾಡಿಸುತ್ತದೆ. ತಿರುಗಿಸುವ ಗುಂಡಿಯ ಬಳಿ ಬೀಸಣಿಗೆಯ ಚಿತ್ರವಿದ್ದರೆ ಅದು ಈ ಬಗೆಯದು. 'ಕನ್ವೆಕ್ಷನ್' ಎಂದರೆ ಫ್ಯಾನಿನದು, 'ಕನ್ವೆನ್ಷನಲ್' ಎಂದರೆ ಸಾದಾ. ಹೆಸರುಗಳು ಒಂದೇ ರೀತಿ ಕೇಳಿಸುವುದರಿಂದ ಓದುವಾಗ ಎಚ್ಚರ ಬೇಕು.

ಗಾಳಿ ಬೀಸಿದರೆ ಏಕೆ ಬೇಗ ಬೇಯುತ್ತದೆ? ಬಿಸಿ ಮುದ್ದೆಯನ್ನು ಊದಿ ಆರಿಸುವುದು ನಮಗೆಲ್ಲ ಗೊತ್ತು. ಮುದ್ದೆಯ ಮೈಗೆ ಅಂಟಿಕೊಂಡ ಬಿಸಿ ಗಾಳಿಯ ಪದರವನ್ನು ಊದಿದ ಗಾಳಿ ಸರಿಸುತ್ತದೆ, ಮುದ್ದೆ ಬೇಗ ಆರುತ್ತದೆ. ಓವನ್ನಿನಲ್ಲಿ ಇದೇ ಕೆಲಸ ತಿರುಗುಮುರುಗಾಗಿ ನಡೆಯುತ್ತದೆ. ಹಸಿ ಬಿಸ್ಕತ್ತಿನ ಸುತ್ತ ತಣ್ಣನೆಯ, ತೇವದ ಗಾಳಿಯ ಪದರವೊಂದು ನಿಂತಿರುತ್ತದೆ. ಫ್ಯಾನು ಅದನ್ನು ಸರಿಸಿದಾಗ ಬಿಸಿ ನೇರವಾಗಿ ಮೈಗೆ ತಾಗುತ್ತದೆ.

ಇಲ್ಲೊಂದು ಮುಖ್ಯ ವಿಷಯವನ್ನು ಗಮನಿಸಬೇಕು. ಫ್ಯಾನು ಹೊರಮೈಗೆ ಮಾತ್ರ ಬಿಸಿಯನ್ನು ಬೇಗ ಮುಟ್ಟಿಸುತ್ತದೆ. ಹೊರಮೈಯಿಂದ ಒಳಕ್ಕೆ ಬಿಸಿ ಇಳಿಯುವುದು ಹಿಟ್ಟಿನ ಗುಣ ಮತ್ತು ದಪ್ಪಕ್ಕೆ ತಕ್ಕಂತೆ, ಅದನ್ನು ಫ್ಯಾನು ಅವಸರಪಡಿಸಲಾರದು. ಅದಕ್ಕಾಗಿಯೇ ಮೊದಲು ಶಾಖವನ್ನು ಇಳಿಸಬೇಕು, ಸಮಯವನ್ನು ಆಮೇಲೆ ನೋಡಬೇಕು. ಆ ಮನೆಯವರು ಶಾಖವನ್ನು ಹಾಗೆಯೇ ಬಿಟ್ಟು ಸಮಯ ಮಾತ್ರ ಕಡಿಮೆ ಮಾಡಿದರು. ಹೊರಗೆ ಬಣ್ಣ ಬಂತು, ನಡುವೆ ತೇವ ಉಳಿಯಿತು. ಸಕ್ಕರೆಯೂ ಕೊಬ್ಬರಿಯ ತೆಳ್ಳನೆಯ ಎಳೆಗಳೂ ಬೇಗ ಕೆಂಪಾಗುವುದರಿಂದ ಕೊಬ್ಬರಿ ಬಿಸ್ಕತ್ತಿನಲ್ಲಿ ಈ ತೊಂದರೆ ಹೆಚ್ಚು.

ಲೆಕ್ಕ ಬದಲಿಸುವ ಕ್ರಮ

ಸಾದಾ ಓವನ್ನಿನ ಲೆಕ್ಕವನ್ನು ಫ್ಯಾನಿಗೆ ತರುವಾಗ 20 ಡಿಗ್ರಿ ಸೆಂಟಿಗ್ರೇಡ್ ಇಳಿಸಬೇಕು. ಬಿಸ್ಕತ್ತಿನಂಥ ತೆಳ್ಳನೆಯ ಪದಾರ್ಥಕ್ಕೆ ಸಮಯವನ್ನೂ ಸುಮಾರು ಹತ್ತರಲ್ಲಿ ಒಂದು ಪಾಲು ತಗ್ಗಿಸಬಹುದು. ಬ್ರೆಡ್ಡಿನಂಥ ದಪ್ಪ ಪದಾರ್ಥಕ್ಕೆ ಶಾಖ ಮಾತ್ರ ಇಳಿಸಿ, ಸಮಯವನ್ನು ಹೆಚ್ಚುಕಡಿಮೆ ಮೊದಲಿನಂತೆಯೇ ಇಡುವುದು ಸುರಕ್ಷಿತ. ಯಾವುದೇ ಆಗಲಿ, ಬರೆದ ಸಮಯದ ಮುಕ್ಕಾಲು ಪಾಲು ಕಳೆದ ಕೂಡಲೇ ಗಾಜಿನ ಮೂಲಕ ನೋಡತೊಡಗಬೇಕು. ಫ್ಯಾನಿಗೆ ಬರೆದ ಲೆಕ್ಕ ಸಾದಾ ಓವನ್ನಿಗೆ ಬೇಕಾದರೆ 20 ಡಿಗ್ರಿ ಏರಿಸಿ, ಸಮಯವನ್ನು ಸ್ವಲ್ಪ ಹೆಚ್ಚಿಸಬೇಕು. ಕೆಲವು ಓವನ್‌ಗಳು ಫ್ಯಾನ್ ಹಾಕಿದಾಗ ತಾವೇ ಶಾಖ ಇಳಿಸಿಕೊಳ್ಳುತ್ತವೆ. ಅಂಥವುಗಳಲ್ಲಿ ಮತ್ತೆ ಇಳಿಸಕೂಡದು. ಇದನ್ನು ಓವನ್ನಿನ ಜೊತೆ ಬಂದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಒಂದು ಉದಾಹರಣೆ

ಮೈದಾ 200 ಗ್ರಾಂ, ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ನುಣ್ಣಗೆ ತುರಿದ ಕೊಬ್ಬರಿ 60 ಗ್ರಾಂ, ಬೇಕಿಂಗ್ ಪುಡಿ ಅರ್ಧ ಟೀ ಚಮಚ, ಹಿಟ್ಟು ಕೂಡಿಕೊಳ್ಳುವಷ್ಟು ಹಾಲು. ಬೆಣ್ಣೆ, ಸಕ್ಕರೆಯನ್ನು ನೊರೆಯಾಗುವಂತೆ ಕಡೆದು, ಉಳಿದುದನ್ನು ಬೆರೆಸಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ ಕತ್ತರಿಸಬೇಕು. ಎಲ್ಲ ಬಿಲ್ಲೆಗಳೂ ಒಂದೇ ದಪ್ಪ ಇರಬೇಕು. ಸಾದಾ ಓವನ್ನಿನ ಲೆಕ್ಕ 180 ಡಿಗ್ರಿ, 18 ನಿಮಿಷ.

ಫ್ಯಾನಿಗೆ ಇದು 160 ಡಿಗ್ರಿ, ಸುಮಾರು 16 ನಿಮಿಷ ಆಗುತ್ತದೆ. ಮೊದಲ ಸಲವೇ ಟ್ರೇ ತುಂಬ ಇಡಬಾರದು. ಓವನ್ನನ್ನು 10ರಿಂದ 15 ನಿಮಿಷ ಮುಂಚೆ ಕಾಯಿಸಿ, ನಾಲ್ಕೇ ಬಿಲ್ಲೆಗಳನ್ನು ನಡುವಿನ ಅಂತಸ್ತಿನಲ್ಲಿಟ್ಟು, 13ನೆಯ ನಿಮಿಷದಿಂದ ನೋಡಬೇಕು. ಅಂಚು ಹೊಂಬಣ್ಣಕ್ಕೆ ತಿರುಗಿ, ತಳ ತಿಳಿ ಕಂದು ಬಣ್ಣಕ್ಕೆ ಬಂದಾಗ ತೆಗೆಯಬೇಕು. ಬಿಸಿಯಲ್ಲಿ ಮೆತ್ತಗಿರುವುದು ಸಹಜ. ಪೂರ್ತಿ ಆರಿದ ಮೇಲೆ ಒಂದನ್ನು ಮುರಿದು ನೋಡಬೇಕು. ಟಕ್ಕನೆ ಮುರಿದು ನಡುವೆಯೂ ಒಣಗಿದ್ದರೆ ಲೆಕ್ಕ ಸರಿ. ಹೊರಗೆ ಕೆಂಪಾಗಿ ನಡುವೆ ತೇವದ ಗೆರೆ ಕಂಡರೆ ಇನ್ನೂ 10 ಡಿಗ್ರಿ ಇಳಿಸಿ, 3-4 ನಿಮಿಷ ಹೆಚ್ಚಿಸಬೇಕು. ಬಿಳಿಚಿಕೊಂಡು ಗಟ್ಟಿಯಾದರೆ 10 ಡಿಗ್ರಿ ಏರಿಸಿ ಸಮಯ ಕಡಿಮೆ ಮಾಡಬೇಕು. ಒಂದು ಸಲಕ್ಕೆ ಒಮ್ಮೆ ಮಾತ್ರ ಬದಲಿಸಿ, ಫಲವನ್ನು ಬರೆದಿಡಬೇಕು. ಮೇಲೆ ಹೇಳಿದ ಮನೆಯಲ್ಲಿ ಹೀಗೆ ಎರಡು ಸಲ ನೋಡಿದ ಮೇಲೆ 150 ಡಿಗ್ರಿ, 19 ನಿಮಿಷಕ್ಕೆ ಲೆಕ್ಕ ನಿಂತಿತು. 20 ಡಿಗ್ರಿಯ ಸೂತ್ರ ಆರಂಭಕ್ಕೆ ಮಾತ್ರ. ಕೊನೆಯ ಅಂಕಿಯನ್ನು ಆಯಾ ಓವನ್ನೇ ಹೇಳಬೇಕು.

ಕೆಲವು ಮಿತಿಗಳು

ಫ್ಯಾನ್ ಇದ್ದರೆ ಎರಡು ಟ್ರೇ ಒಟ್ಟಿಗೆ ಇಡಬಹುದು. ಆದರೆ ಟ್ರೇ ಗೋಡೆಗೆ ತಾಗದೆ ಸುತ್ತಲೂ ಗಾಳಿಗೆ ದಾರಿ ಇರಬೇಕು, ಸಮಯವೂ ಸ್ವಲ್ಪ ಹೆಚ್ಚು ಬೇಕು. ಸಾದಾ ಓವನ್ನಿನಲ್ಲಿ ಒಂದೇ ಟ್ರೇ ಇಟ್ಟು, ಅರ್ಧ ಸಮಯಕ್ಕೆ ಹಿಂದುಮುಂದು ತಿರುಗಿಸಬೇಕು. ಹಗುರವಾದ ಸ್ಪಂಜ್ ಕೇಕಿಗೆ ಫ್ಯಾನ್ ಬೇಡ. ಉಬ್ಬುವ ಮೊದಲೇ ಮೇಲ್ಮೈ ಬಿಗಿದುಕೊಂಡು ಬಿರಿಯುತ್ತದೆ. ಫ್ಯಾನ್ ನಿಲ್ಲಿಸಲು ಅವಕಾಶವಿದ್ದರೆ ನಿಲ್ಲಿಸಿ, ಸಾದಾ ಲೆಕ್ಕವನ್ನೇ ಅನುಸರಿಸಬೇಕು. ಮುಚ್ಚಳ ಹಾಕಿದ ಪಾತ್ರೆಯೊಳಕ್ಕೆ ಗಾಳಿ ತಲುಪದ ಕಾರಣ ಅಲ್ಲಿ ಹೆಚ್ಚು ವ್ಯತ್ಯಾಸವಾಗದು.

ನಮ್ಮ ಹಳ್ಳಿಗಳಲ್ಲಿ ವೋಲ್ಟೇಜನ್ನೂ ಗಮನಿಸಬೇಕು. 230 ವೋಲ್ಟ್ ಇರಬೇಕಾದ ಕಡೆ 180 ಮಾತ್ರ ಬಂದರೆ ಸರಳುಗಳು ಕೊಡುವ ಶಾಖ ಸುಮಾರು ಶೇಕಡ 60ಕ್ಕೆ ಇಳಿಯುತ್ತದೆ. ಓವನ್ ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಬಾಗಿಲು ತೆರೆದಾಗ ಕಳೆದ ಬಿಸಿ ಬೇಗ ಮರಳುವುದಿಲ್ಲ. ಆದ್ದರಿಂದ ಗುಂಡಿಯ ಮೇಲಿನ ಅಂಕಿಯನ್ನೇ ನಂಬದೆ ಓವನ್ ಥರ್ಮಾಮೀಟರೊಂದನ್ನು ಒಳಗಿಟ್ಟು ನೋಡುವುದು ಒಳ್ಳೆಯದು. ಮಾರಾಟದ ಡಬ್ಬಿಗೆ ತುಂಬುವ ಮೊದಲು ಪ್ರತಿ ಸುತ್ತಿನಿಂದಲೂ ಆರಿದ ಬಿಸ್ಕತ್ತೊಂದನ್ನು ಮುರಿದು ನೋಡತಕ್ಕದ್ದು. ಒಳಗಿನ ತೇವವನ್ನು ಬಣ್ಣ ಹೇಳಲಾರದು.