ಸ್ನಾನ ಶುರುವಾಯಿತೆಂದು ಫ್ಯಾನಿಗೆ ಗೊತ್ತಾಗುವುದು ಹೇಗೆ?

ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನಿಗೆ ತೇವಾಂಶದ ಸೆನ್ಸರ್ ಹಾಕಿಸುವವರು ಈಗ ಕಡಿಮೆಯೇನಿಲ್ಲ. ಯಾರೂ ಸ್ವಿಚ್ ಒತ್ತದಿದ್ದರೂ ಹಬೆ ತುಂಬಿದಾಗ ಫ್ಯಾನ್ ತಾನೇ ತಿರುಗಬೇಕು, ಒಣಗಿದ ಮೇಲೆ ತಾನೇ ನಿಲ್ಲಬೇಕು, ಚಾವಣಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯಬಾರದು. ಆಸೆ ಇಷ್ಟೇ. ಹಾಕಿಸಿಕೊಟ್ಟವರು ಸಾಮಾನ್ಯವಾಗಿ ಒಂದು ಗಡಿ ಹೊಂದಿಸಿ ಹೋಗುತ್ತಾರೆ: ತೇವಾಂಶ ಶೇ. 70 ದಾಟಿದರೆ ಚಾಲೂ, ಕೆಳಗಿಳಿದರೆ ಬಂದ್. ಕೇಳಲು ಸರಿಯಾಗಿಯೇ ಇದೆ. ತೊಂದರೆ ಶುರುವಾಗುವುದು ಋತು ಬದಲಾದಾಗ.

ಬೆಂಗಳೂರನ್ನೇ ನೋಡಿ. ಜುಲೈ ತಿಂಗಳ ಬೆಳಗಿನ ಜಾವ ಹೊರಗಿನ ಗಾಳಿಯಲ್ಲೇ ತೇವಾಂಶ ಶೇ. 80 ದಾಟಿರುತ್ತದೆ. ಯಾರೂ ಸ್ನಾನಕ್ಕೆ ಹೋಗದಿದ್ದರೂ ಫ್ಯಾನ್ ರಾತ್ರಿಯಿಡೀ ಗುಂಯ್‌ಗುಡುತ್ತದೆ. ಏಪ್ರಿಲ್ ಸಂಜೆ ಇದರ ತದ್ವಿರುದ್ಧ. ಗಾಳಿ ಒಣಗಿ ಶೇ. 40ರ ಆಸುಪಾಸಿನಲ್ಲಿರುವಾಗ ಬಿಸಿನೀರಿನ ಸ್ನಾನ ಅದನ್ನು 65ರವರೆಗೆ ಏರಿಸಿದರೂ ಫ್ಯಾನ್ ಮಿಸುಕುವುದಿಲ್ಲ. ಕನ್ನಡಿಯ ತುಂಬ ಮಂಜು ಕೂತಿರುತ್ತದೆ. ಗಡಿಯನ್ನು 85ಕ್ಕೆ ಏರಿಸಿದರೆ ಮಳೆಗಾಲದ ಕಾಟ ತಪ್ಪೀತು, ಬೇಸಿಗೆಯ ಕೊರತೆ ಇನ್ನೂ ಹೆಚ್ಚೀತು. ವರ್ಷಪೂರ್ತಿ ಹೊಂದುವ ಒಂದೇ ಅಂಕಿ ನಮ್ಮ ಹವೆಯಲ್ಲಿ ಇಲ್ಲ.

ಹಾಗಾದರೆ ಫ್ಯಾನ್ ಏನನ್ನು ಗಮನಿಸಬೇಕು? ತೇವಾಂಶ ಏರುವ ವೇಗವನ್ನು. ಮೋಡ ಕವಿದು ಮಳೆ ಬಂದರೆ ತೇವಾಂಶ ಹತ್ತು ಅಂಕ ಏರಲು ಗಂಟೆಗಟ್ಟಲೆ ಬೇಕಾದೀತು. ಬಾಗಿಲು ಹಾಕಿಕೊಂಡು ಬಿಸಿನೀರು ಸುರಿದುಕೊಂಡರೆ ಅಷ್ಟೇ ಏರಿಕೆ ಐದಾರು ನಿಮಿಷದ ಕೆಲಸ. ಈ ಏರಿಕೆ ಜುಲೈಯಲ್ಲೂ ಕಾಣುತ್ತದೆ, ಏಪ್ರಿಲ್‌ನಲ್ಲೂ ಕಾಣುತ್ತದೆ.

ಮಾಡುವ ಕ್ರಮ ಕಷ್ಟದ್ದಲ್ಲ. ಸೆನ್ಸರ್ ಅರ್ಧ ನಿಮಿಷಕ್ಕೊಮ್ಮೆ ಅಳೆಯುತ್ತದೆ. ಪ್ರತಿ ಅಳತೆಯನ್ನೂ ಮೂರು ನಿಮಿಷ ಹಿಂದಿನ ಅಳತೆಯ ಜತೆ ಹೋಲಿಸಿ, ಐದು ಅಂಕಕ್ಕಿಂತ ಹೆಚ್ಚು ಏರಿದ್ದರೆ ಫ್ಯಾನ್ ಚಾಲೂ. ಒಂದೇ ನಿಮಿಷದ ಅಂತರ ಯಾಕೆ ಸಾಲದು ಎಂದರೆ, ಅಗ್ಗದ ಸೆನ್ಸರ್‌ಗಳ ಅಂಕಿ ಸುಮ್ಮನಿದ್ದಾಗಲೂ ಅಷ್ಟಿಷ್ಟು ಕುಣಿಯುತ್ತದೆ. ಜತೆಗೆ ನಮ್ಮಲ್ಲಿ ಅರ್ಧ ಜನ ಬಕೆಟ್ಟು, ಚೊಂಬಿನವರು. ಶವರ್‌ನಷ್ಟು ಬೇಗ ಆವಿ ಏಳುವುದಿಲ್ಲ. ಮೂರು ನಿಮಿಷ ಕಾದರೆ ಇವೆರಡೂ ಸರಿಹೋಗುತ್ತವೆ. ಐದು ಅಂಕ ಎಂಬುದು ಆರಂಭಕ್ಕೆ ಹಿಡಿದ ಲೆಕ್ಕ ಮಾತ್ರ. ಕೆಲವು ದಿನ ಫ್ಯಾನ್ ಜೋಡಿಸದೆ ಅಂಕಿಗಳನ್ನು ಬರೆದಿಡಿಸಿ, ಸ್ನಾನವಿಲ್ಲದ ಹೊತ್ತಿನ ಅತಿ ದೊಡ್ಡ ಏರಿಕೆಗೂ ಸ್ನಾನದ ಅತಿ ಸಣ್ಣ ಏರಿಕೆಗೂ ನಡುವೆ ಎಲ್ಲಾದರೂ ಗೆರೆ ಎಳೆಯುವುದು ಸರಿಯಾದ ದಾರಿ.

ಇಲ್ಲಿಯವರೆಗೆ ಬಂದವರು ಮುಂದೆ ಎಡವುವುದು ಫ್ಯಾನ್ ನಿಲ್ಲಿಸುವಲ್ಲಿ. ವೇಗ ನೋಡಿ ಚಾಲೂ ಮಾಡಿದ ಮೇಲೆ ವೇಗ ನೋಡಿಯೇ ಬಂದ್ ಮಾಡೋಣ ಎನಿಸುವುದು ಸಹಜ. ಆದರೆ ಸ್ನಾನದ ನಡುವೆಯೇ ತೇವಾಂಶ ಶೇ. 90ರ ಹತ್ತಿರ ಹೋಗಿ ಅಲ್ಲೇ ನಿಲ್ಲಬಹುದು. ಆಗ ಏರಿಕೆ ಸೊನ್ನೆ. ಫ್ಯಾನ್ ಅಲ್ಲಿಗೇ ನಿಂತರೆ ಕೋಣೆಯ ತುಂಬ ಹಬೆಯೇ ಉಳಿಯಿತು! ಹಾಗಾಗಿ ಏರಿಕೆಯ ವೇಗವನ್ನು ಚಾಲೂ ಮಾಡಲಷ್ಟೇ ಬಳಸಬೇಕು. ಚಾಲೂ ಆದ ಗಳಿಗೆಯಲ್ಲಿ, ಏರುವುದಕ್ಕೆ ಮೊದಲು ಎಷ್ಟಿತ್ತು ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು. ತೇವಾಂಶ ಆ ಅಂಕಿಯ ಐದರ ಆಸುಪಾಸಿಗೆ ಮರಳುವವರೆಗೆ ಫ್ಯಾನ್ ಓಡಲಿ, ಆಮೇಲೂ ಕಾಲು ಗಂಟೆ ಓಡಲಿ.

ಆ ಹೆಚ್ಚುವರಿ ಕಾಲು ಗಂಟೆಗೆ ಕಾರಣವಿದೆ. ಗಾಳಿಯಲ್ಲಿನ ಹಬೆ ಬೇಗ ಹೋಗುತ್ತದೆ, ಟೈಲ್ಸ್ ಮೇಲಿನ ನೀರು ಹೋಗುವುದಿಲ್ಲ. ಗೋಡೆ, ನೆಲ, ಬಾಗಿಲ ಹಿಂದೆ ನೇತುಹಾಕಿದ ಒದ್ದೆ ಟವೆಲ್ ಇವೆಲ್ಲ ಆಮೇಲೂ ಆವಿ ಬಿಡುತ್ತಲೇ ಇರುತ್ತವೆ. ಸೆನ್ಸರ್ ‘ಆಯಿತು’ ಅಂದ ಕೂಡಲೇ ನಿಲ್ಲಿಸಿದರೆ ತೇವಾಂಶ ಮತ್ತೆ ಮೇಲೇಳುತ್ತದೆ, ಬೂಷ್ಟಿಗೆ ಬೇಕಾದದ್ದೂ ಅದೇ.

ಅಂಕಿ ಇಟ್ಟು ನೋಡೋಣ. ಏಪ್ರಿಲ್ ಸಂಜೆ ಏಳಕ್ಕೆ ತೇವಾಂಶ 38. ಸ್ನಾನ ಶುರುವಾಗಿ 7:04ಕ್ಕೆ 44 ಆಯಿತು. ಮೂರು ನಿಮಿಷದಲ್ಲಿ ಆರು ಅಂಕ, ಫ್ಯಾನ್ ಚಾಲೂ. 7:12ಕ್ಕೆ ಸ್ನಾನ ಮುಗಿಯುವಾಗ 66, ಅಲ್ಲಿಂದ ಇಳಿಯುತ್ತ 7:24ಕ್ಕೆ 43. ನೆನಪಿಟ್ಟ 38ಕ್ಕೆ ಐದರ ಒಳಗೆ ಬಂತು. ಟೈಮರ್ ಎಣಿಸತೊಡಗಿ 7:39ಕ್ಕೆ ಬಂದ್. ಶೇ. 70ರ ಗಡಿ ಇಟ್ಟಿದ್ದರೆ ಫ್ಯಾನ್ ಒಮ್ಮೆಯೂ ತಿರುಗುತ್ತಿರಲಿಲ್ಲ. ಜುಲೈ ಬೆಳಿಗ್ಗೆಯಾದರೆ 82ರಿಂದ 88ಕ್ಕೆ ಏರಿದಾಗ ಚಾಲೂ, 87ಕ್ಕೆ ಇಳಿದಾಗ ಟೈಮರ್ ಶುರು.

ಆದರೆ ಸ್ನಾನದ ಹೊತ್ತಿಗೇ ಹೊರಗೆ ಜೋರು ಮಳೆ ಬಂದರೆ? ಒಳಬರುವ ಗಾಳಿಯೇ ಒದ್ದೆಯಾಗಿ, ಹಳೆಯ ಅಂಕಿಗೆ ಮರಳುವುದೇ ಇಲ್ಲ. ಹೊರಗಿನ ಗಾಳಿ ಎಷ್ಟು ಒಣಗಿದೆಯೋ ಅದಕ್ಕಿಂತ ಹೆಚ್ಚು ಒಣಗಿಸುವ ಶಕ್ತಿ ಫ್ಯಾನಿಗಿಲ್ಲ. ಅದಕ್ಕೇ, ಏನೇ ಆದರೂ 45 ನಿಮಿಷಕ್ಕೆ ನಿಲ್ಲು ಎಂಬ ಇನ್ನೊಂದು ಕಟ್ಟಳೆ ಬೇಕು. ಕರೆಂಟಿನ ಚಿಂತೆ ಇಲ್ಲಿ ದೊಡ್ಡದಲ್ಲ. 35 ವ್ಯಾಟಿನ ಫ್ಯಾನ್ ದಿನವಿಡೀ ಓಡಿದರೂ ಒಂದು ಯೂನಿಟ್ ಆಗದು. ಸದ್ದು, ಮೋಟರಿನ ಸವೆತ ಹಾಗೂ ಮಳೆಗಾಲದ ಒದ್ದೆ ಗಾಳಿಯನ್ನು ಮನೆಯೊಳಗೆ ಎಳೆದುಕೊಳ್ಳುವುದು ನಿಜವಾದ ನಷ್ಟ.

ಕರಾವಳಿಯಲ್ಲಿ ಈ ಉಪಾಯಕ್ಕೂ ಒಂದು ತೊಡಕಿದೆ. ಮಂಗಳೂರಿನ ಮಳೆಗಾಲದಲ್ಲಿ ತೇವಾಂಶ ಶೇ. 93 ಇದ್ದರೆ ಏರಲು ಉಳಿದಿರುವುದೇ ಏಳು ಅಂಕ. ಸ್ನಾನವಾದರೂ ಅಂಕಿ 98ಕ್ಕೆ ಹೋಗಿ ಕೂತೀತು, ಐದು ಅಂಕಕ್ಕಿಂತ ಹೆಚ್ಚಿನ ಏರಿಕೆ ಸಿಗುವುದೇ ಇಲ್ಲ. ಸೆನ್ಸರ್ ತೋರಿಸುವುದು ಆ ಬಿಸುಪಿನ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಿನಲ್ಲಿ ಎಷ್ಟು ಭಾಗ ತುಂಬಿದೆ ಎಂಬುದನ್ನು. ಬಿಸಿನೀರು ಗಾಳಿಯನ್ನೂ ಬಿಸಿಯಾಗಿಸುವುದರಿಂದ ಹಿಡಿಯುವ ಸಾಮರ್ಥ್ಯವೂ ಹಿಗ್ಗಿ, ಏರಿಕೆ ಮರೆಯಾಗುತ್ತದೆ. ನಿಜವಾದ ನೀರನ್ನು ಲೆಕ್ಕ ಹಾಕಿದರೆ ಚಿತ್ರ ಬೇರೆ. 27 ಡಿಗ್ರಿಯಲ್ಲಿ ಶೇ. 93 ಎಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು. 29 ಡಿಗ್ರಿಯಲ್ಲಿ ಶೇ. 98 ಎಂದರೆ ಸುಮಾರು 28 ಗ್ರಾಂ. ಈ ನಾಲ್ಕು ಗ್ರಾಂ ಏರಿಕೆ ಸ್ಪಷ್ಟವಾಗಿ ಕಾಣುತ್ತದೆ. ತೇವಾಂಶದ ಸೆನ್ಸರ್‌ಗಳು ಹೆಚ್ಚಾಗಿ ಉಷ್ಣಾಂಶವನ್ನೂ ಅಳೆಯುವುದರಿಂದ ಗ್ರಾಂ ಲೆಕ್ಕಕ್ಕೆ ಹೊಸ ಸಾಮಾನೇನೂ ಬೇಡ. ಕರಾವಳಿಯವರು ಮೊದಲಿನಿಂದಲೇ ಗ್ರಾಂ ಲೆಕ್ಕಕ್ಕೆ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಸೆನ್ಸರ್ ಎಲ್ಲಿರಬೇಕೆಂಬುದೂ ಮುಖ್ಯ. ಶವರ್ ಎದುರಿಗಿದ್ದರೆ ಹನಿ ಬಿದ್ದು, ಗಂಟೆಗಟ್ಟಲೆ 99 ಎಂದೇ ತೋರಿಸುತ್ತದೆ. ಬಾಗಿಲ ಪಕ್ಕ ಇದ್ದರೆ ಹೊರಗಿನಿಂದ ಬರುವ ಒಣ ಗಾಳಿ ತಾಗಿ ಬೇಗ ಮೋಸ ಹೋಗುತ್ತದೆ. ನೀರು ಸಿಡಿಯದ ಗೋಡೆಯ ಮೇಲುಭಾಗ ವಾಸಿ.

ಇಷ್ಟೆಲ್ಲ ಮಾಡಿಯೂ ಅಂಕಿ ಇಳಿಯದಿದ್ದರೆ ಸೆನ್ಸರನ್ನು ಬೈಯುವ ಮೊದಲು ವೆಂಟಿಲೇಟರ್ ನೋಡಿ. ನಮ್ಮ ಮನೆಗಳಲ್ಲಿ ವೆಂಟಿಲೇಟರಿನ ಒಂದು ಭಾಗಕ್ಕೆ ಫ್ಯಾನ್ ಕೂರಿಸಿ, ಉಳಿದ ಗಾಜಿನ ಪಟ್ಟಿಗಳನ್ನು ತೆರೆದೇ ಬಿಟ್ಟಿರುತ್ತಾರೆ. ಫ್ಯಾನ್ ಹೊರಗೆಸೆದಷ್ಟೇ ಗಾಳಿ ಪಕ್ಕದ ಸಂದಿಯಿಂದ ಒಳಬಂದು ಮತ್ತೆ ಫ್ಯಾನಿಗೇ ಹೋಗುತ್ತದೆ. ಕೆಳಗಿನ ಹಬೆ ಅಲ್ಲಾಡುವುದಿಲ್ಲ. ಬಾಗಿಲು ಹಾಕಿ, ಫ್ಯಾನ್ ಚಾಲೂ ಮಾಡಿ, ಹೊರಗಡೆ ಬಾಗಿಲ ತಳದ ಸಂದಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡು ಹೋದರೆ ಗಾಳಿ ಸರಿಯಾದ ದಾರಿಯಲ್ಲಿದೆ. ನೆಟ್ಟಗೆ ಮೇಲೇರಿದರೆ ಗಾಜಿನ ಪಟ್ಟಿ ಮುಚ್ಚಿಸಬೇಕು, ಇಲ್ಲವೇ ಬಾಗಿಲ ತಳದಲ್ಲಿ ಅರ್ಧ ಇಂಚಿನಷ್ಟು ಸಂದಿ ಬಿಡಿಸಬೇಕು.

ತಣ್ಣೀರಿನ ಸ್ನಾನವೂ ಬಟ್ಟೆ ಒಗೆಯುವುದೂ ತೇವಾಂಶವನ್ನು ಅಷ್ಟು ಬೇಗ ಏರಿಸುವುದಿಲ್ಲ, ನೆಲವನ್ನಂತೂ ಒದ್ದೆ ಮಾಡುತ್ತವೆ. ಹಾಗಾಗಿ ಹಳೆಯ ಗೋಡೆ ಸ್ವಿಚ್ಚನ್ನು ಕೀಳಿಸಬೇಡಿ. ಅದನ್ನು ಒತ್ತಿದರೂ ಅದೇ ಟೈಮರ್ ಕಾಲು ಗಂಟೆ ಓಡಿಸಿ ನಿಲ್ಲಿಸುವಂತೆ ಎಲೆಕ್ಟ್ರಿಶಿಯನ್ ಕೈಯಲ್ಲಿ ವೈರಿಂಗ್ ಮಾಡಿಸಿ.